ದಿನಕ್ಕೊಂದು ಸ್ಲೈಡ್: ಪ್ರವಾಸದ ಕ್ಯಾರೊಸೆಲ್ ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ದಿನಕ್ಕೊಂದು ಸ್ಲೈಡ್, ಅದರಲ್ಲಿ ಆ ದಿನದ ದಾರಿ, ಹೊತ್ತು, ಖರ್ಚು. ಇನ್‌ಸ್ಟಾಗ್ರಾಂನಲ್ಲಿ ಒಂದೇ ಪೋಸ್ಟಿನಲ್ಲಿ ಒಂದಾದ ಮೇಲೊಂದು ಸರಿಸಿ ನೋಡುವ ಇಂಥ ಚಿತ್ರಗಳ ಸಾಲೇ ಕ್ಯಾರೊಸೆಲ್. ಕೇಳೋದಕ್ಕೆ ಸುಲಭ. ಚಂದದ ಫೋಟೊ, ಬಣ್ಣ, ಅಕ್ಷರ ಎಲ್ಲಾ ಆಮೇಲೆ ಹೇಗೋ ಆಗುತ್ತೆ. ಕೆಡೋದು ಅಂಕಿಗಳಲ್ಲಿ. ನಾನು ಇಂಥ ಕ್ಯಾರೊಸೆಲ್‌ಗಳನ್ನು ಮಾಡುತ್ತಾ ಬಂದ ಮೇಲೆ ಜನ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ. ಜಾಸ್ತಿ ಜಾಗ ಹೊತ್ತು ಮತ್ತು ದುಡ್ಡಿನ ಲೆಕ್ಕಕ್ಕೇ ಹೋಗಿದೆ, ಬೇಕಂತಲೇ.

## ಒಂದು ದಿನದ ಪ್ಲಾನ್ ಒಂದೇ ಸ್ಲೈಡಿನಲ್ಲಿ ಹಿಡಿಯುತ್ತಾ?

ಹಿಡಿಯಬೇಕು. ಹಿಡಿಯದಿದ್ದರೆ ತಪ್ಪು ಸ್ಲೈಡಿನದ್ದಲ್ಲ, ಆ ದಿನದ್ದು. ಒಂದು ದಿನಕ್ಕೆ ಆರು ಜಾಗ ಬರೆದು, ಜಾಗ ಸಾಲದೆ ಅಕ್ಷರ ಸಣ್ಣ ಮಾಡುತ್ತಿದ್ದೀರಿ ಅಂದರೆ ಆ ದಿನ ಓಡಾಟದಲ್ಲೇ ಕಳೆಯುತ್ತೆ ಅಂತಲೇ ಅರ್ಥ. ಮೂರು ಜಾಗ, ಊಟ, ರಾತ್ರಿ ತಂಗುವ ಊರು. ಇಷ್ಟು ಆರಾಮಾಗಿ ಕೂರುತ್ತೆ.

ಇನ್ನೊಂದು ಕಾರಣವೂ ಇದೆ. ಓದುವವರು ಇಡೀ ಕ್ಯಾರೊಸೆಲ್ ಉಳಿಸಿಕೊಂಡರೂ, ಪ್ರಯಾಣದ ದಿನ ಬೆಳಿಗ್ಗೆ ನೋಡೋದು ಆ ದಿನದ ಸ್ಲೈಡಿನ ಸ್ಕ್ರೀನ್‌ಶಾಟ್ ಮಾತ್ರ. ದಾರಿಯಲ್ಲಿ ಸಿಗ್ನಲ್ ಇರಲ್ಲ, ಹಿಂದಿನ ಸ್ಲೈಡ್ ತೆರೆಯಲ್ಲ. ಹಾಗಾಗಿ ಪ್ರತಿ ಸ್ಲೈಡೂ ಒಂಟಿಯಾಗಿ ನಿಂತು ಅರ್ಥವಾಗಬೇಕು. 'ನಿನ್ನೆ ತಂಗಿದ್ದ ಜಾಗದಿಂದ ಹೊರಡಿ' ಅಂತ ಬರೆದರೆ ಆ ಜಾಗ ಯಾವುದು ಅಂತ ಹುಡುಕೋದು ಯಾರು? ಮೊದಲ ಸಾಲಿನಲ್ಲೇ ಹೊರಡುವ ಊರು, ಕೊನೇ ಸಾಲಿನಲ್ಲಿ ಮಲಗುವ ಊರು, ಎರಡೂ ಹೆಸರು ಸಮೇತ ಇರಲಿ. ಎರಡನೇ ದಿನದ ಕೊನೇ ಹೆಸರು ಮತ್ತು ಮೂರನೇ ದಿನದ ಮೊದಲ ಹೆಸರು ಒಂದೇ ಇರಬೇಕು. ಕೊಂಡಿ ಕೊಂಡಿ ಸೇರುತ್ತಾ ಅಂತ ಹಾಕುವ ಮುಂಚೆ ಒಮ್ಮೆ ನೋಡಿ. ಸೇರದ ಕ್ಯಾರೊಸೆಲ್‌ಗಳು ನೀವಂದುಕೊಂಡಿದ್ದಕ್ಕಿಂತ ಜಾಸ್ತಿ ಇವೆ.

## ಒಟ್ಟು ಎಷ್ಟು ಸ್ಲೈಡ್ ಹಾಕಬಹುದು?

ಇನ್‌ಸ್ಟಾಗ್ರಾಂನಲ್ಲಿ 20ರವರೆಗೆ. 2017ರಲ್ಲಿ ಕ್ಯಾರೊಸೆಲ್ ಬಂದಾಗ ಮಿತಿ 10 ಇತ್ತು, 2024ರಲ್ಲಿ 20 ಮಾಡಿದರು. ಮಿತಿ ಇದೆ ಅಂತ ತುಂಬಿಸಬೇಕಿಲ್ಲ. ನಾಲ್ಕು ದಿನದ ಪ್ರವಾಸಕ್ಕೆ ನನಗೆ ಎಂಟು ಸಾಕಾಗುತ್ತೆ: ಕವರ್ ಒಂದು, ಇಡೀ ದಾರಿಯ ನಕ್ಷೆ ಒಂದು, ದಿನಕ್ಕೊಂದರಂತೆ ನಾಲ್ಕು, ಒಟ್ಟು ಖರ್ಚಿಗೆ ಒಂದು, 'ಇದನ್ನು ಬಿಡಬಹುದು' ಅನ್ನೋದಕ್ಕೆ ಒಂದು. ಈ ಕೊನೆಯದರ ಬಗ್ಗೆ ಕೆಳಗೆ ಹೇಳುತ್ತೇನೆ.

ಗಾತ್ರ ಎಲ್ಲದಕ್ಕೂ ಒಂದೇ ಇರಲಿ. ಮೊದಲ ಸ್ಲೈಡಿನ ಅಳತೆಯೇ ಉಳಿದವುಗಳಿಗೂ ಬರುತ್ತೆ. ಕವರ್ ಚೌಕ, ಉಳಿದದ್ದು ಉದ್ದ ಅಂತ ಮಾಡಿದರೆ ಉದ್ದದವುಗಳ ತಲೆ ಅಥವಾ ಕಾಲು ಕತ್ತರಿಸಿಹೋಗುತ್ತೆ. ಕತ್ತರಿಸಿಹೋಗೋದು ಸಾಮಾನ್ಯವಾಗಿ ಖರ್ಚಿನ ಸಾಲೇ, ಯಾಕಂದರೆ ಅದನ್ನು ಎಲ್ಲರೂ ಕೆಳಗೆ ಬರೆದಿರುತ್ತಾರೆ.

## ಮ್ಯಾಪ್ ತೋರಿಸಿದ ಸಮಯವನ್ನೇ ಸ್ಲೈಡಿಗೆ ಹಾಕಬಹುದಲ್ವಾ?

ಎಲ್ಲರೂ ಎಡವೋದು ಇಲ್ಲೇ, ನಾನೂ ಎಡವಿದ್ದೇನೆ. ಮ್ಯಾಪ್ ಹೇಳೋದು ಗಾಡಿ ಓಡುವ ಹೊತ್ತು. ಮನುಷ್ಯರು ಹೊರಟು ತಲುಪುವ ಹೊತ್ತು ಬೇರೆ. ರೂಮು ಖಾಲಿ ಮಾಡೋದು, ಸಾಮಾನು ಇಡೋದು, ಶೌಚಾಲಯಕ್ಕೆ ನಿಲ್ಲಿಸೋದು, ಪಾರ್ಕಿಂಗ್ ಹುಡುಕೋದು, ಟಿಕೆಟ್ ಸಾಲು, ಗೇಟಿನಿಂದ ಜಾಗದವರೆಗೆ ನಡಿಗೆ. ಇವು ಯಾವುದೂ ಅದರಲ್ಲಿ ಇರಲ್ಲ.

ಒಂದು ದಿನವನ್ನು ಪೂರ್ತಿ ಬಿಚ್ಚಿ ನೋಡೋಣ. ನಾಲ್ಕು ದಿನದ ಪ್ರವಾಸ, ಇಬ್ಬರು, ಬಾಡಿಗೆ ಕಾರು. ಎರಡನೇ ದಿನ ಊರಿನಿಂದ ಹೊರಟು ಬೆಟ್ಟದ ಮೇಲಿನ ಕೋಟೆ, ಅಲ್ಲಿಂದ ಜಲಪಾತ, ಸಂಜೆ ಕೆರೆದಂಡೆಯಲ್ಲಿ ಸೂರ್ಯಾಸ್ತ, ರಾತ್ರಿ ಅಲ್ಲೇ ವಾಸ. ಮ್ಯಾಪ್ ಪ್ರಕಾರ ಕೋಟೆಗೆ 64 ಕಿ.ಮೀ., 1 ಗಂಟೆ 35 ನಿಮಿಷ. ಕೋಟೆಯಿಂದ ಜಲಪಾತಕ್ಕೆ 28 ಕಿ.ಮೀ., 50 ನಿಮಿಷ. ಜಲಪಾತದಿಂದ ಕೆರೆಗೆ 38 ಕಿ.ಮೀ., 1 ಗಂಟೆ 5 ನಿಮಿಷ.

ಮೊದಲ ಕರಡಿನ ಸ್ಲೈಡ್ ಹೀಗಿತ್ತು: 8:00ಕ್ಕೆ ಹೊರಡು, 9:35 ಕೋಟೆ, 11:30ಕ್ಕೆ ಕೋಟೆ ಬಿಡು, 12:30ರವರೆಗೆ ಊಟ, 1:20 ಜಲಪಾತ, 2:45ಕ್ಕೆ ಹೊರಡು, 3:50 ಕೆರೆ. ನೋಡೋಕೆ ಎಷ್ಟು ಚೆನ್ನಾಗಿದೆ! ಸೂರ್ಯ ಮುಳುಗೋದು 6:05ಕ್ಕೆ, ಕೈಯಲ್ಲಿ ಎರಡು ಗಂಟೆ ಉಳಿಯಿತು ಅಂತ ಖುಷಿ.

ಈಗ ನಡೆಯುವ ಹಾಗೆ ಬರೆಯೋಣ. 8:00ಕ್ಕೆ ಅಂದುಕೊಂಡವರು ಗಾಡಿ ಹತ್ತೋದು 8:20ಕ್ಕೆ. 1 ಗಂಟೆ 35 ನಿಮಿಷದ ದಾರಿಗೆ ಒಂದು ನಿಲುಗಡೆ 15 ನಿಮಿಷ, ಲಾರಿ ಹಿಂದೆ ಸಿಕ್ಕಿಕೊಂಡಿದ್ದು 10 ನಿಮಿಷ. ಪಾರ್ಕಿಂಗ್ ತಲುಪಿದಾಗ 10:20. ಟಿಕೆಟ್, ಗೇಟು ದಾಟಿದಾಗ 10:35. ಇನ್ನು ಬೆಟ್ಟ. ದಾರಿ 2 ಕಿ.ಮೀ., ಏರು 180 ಮೀಟರ್.

ಏರಿಗೆ ಹಳೆಯ ಒಂದು ಲೆಕ್ಕ ಇದೆ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ್ದು. ಇವತ್ತಿನ ಅಳತೆಯಲ್ಲಿ ಹೇಳೋದಾದರೆ, 5 ಕಿ.ಮೀ. ನಡಿಗೆಗೆ ಒಂದು ಗಂಟೆ, ಮೇಲೆ ಹತ್ತುವ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. ನಮ್ಮ ಬೆಟ್ಟಕ್ಕೆ ನಡಿಗೆ 24 ನಿಮಿಷ, ಏರಿಗೆ 18, ಒಟ್ಟು 42 ನಿಮಿಷ. ಇದು ಅಭ್ಯಾಸ ಇರುವವರು ನಿಲ್ಲದೆ ಹತ್ತಿದರೆ. ಫೋಟೊ, ಉಸಿರು, ನೀರು ಎಲ್ಲ ಸೇರಿ ನಾನು ಒಂದು ಗಂಟೆ ಹಿಡಿಯುತ್ತೇನೆ. ತುದಿ 11:35. ಮೇಲೆ 45 ನಿಮಿಷ, ಇಳಿಯೋದು 40 ನಿಮಿಷ, ಗಾಡಿಯವರೆಗೆ 10. ಆಗ ಗಂಟೆ 1:10. ಊಟ ಮುಗಿದಾಗ 2:10. ಜಲಪಾತದ ಪಾರ್ಕಿಂಗ್ 3:10, ನೀರಿನ ಹತ್ತಿರ 3:30. ಒಂದು ಗಂಟೆ ಅಲ್ಲಿ. ವಾಪಸ್ ಗಾಡಿಗೆ 4:50. ಅಲ್ಲಿಂದ ಕೆರೆಗೆ 1 ಗಂಟೆ 20 ನಿಮಿಷ. ತಲುಪಿದ್ದು 6:10.

ಸೂರ್ಯ 6:05ಕ್ಕೇ ಮುಳುಗಿದ. ಸ್ಲೈಡಿಗೂ ನಡೆದದ್ದಕ್ಕೂ 2 ಗಂಟೆ 20 ನಿಮಿಷ ವ್ಯತ್ಯಾಸ. ಗಮನಿಸಿ, ಎಲ್ಲೂ ದೊಡ್ಡ ತೊಂದರೆ ಆಗಿಲ್ಲ. ಟಯರ್ ಪಂಚರ್ ಆಗಿಲ್ಲ, ಮಳೆ ಬಂದಿಲ್ಲ. ಹತ್ತು, ಹದಿನೈದು, ಇಪ್ಪತ್ತು ನಿಮಿಷಗಳೇ ಸೇರಿ ಸಂಜೆಯನ್ನು ನುಂಗಿದವು.

## ಹಾಗಾದರೆ ಏನು ಮಾಡಬೇಕಿತ್ತು? ಬೇಗ ಹೊರಡೋದಾ?

ಬೇಗ ಹೊರಡಿ ಅನ್ನೋದು ಎಲ್ಲರಿಗೂ ಮೊದಲು ಹೊಳೆಯುವ ಉತ್ತರ. 7:00ಕ್ಕೆ ಹೊರಟರೆ ಕೆರೆಗೆ 5:10, ಸೂರ್ಯಾಸ್ತ ಸಿಗುತ್ತೆ ನಿಜ. ಆದರೆ ಹಿಂದಿನ ದಿನ ದೂರದ ಪ್ರಯಾಣ ಮಾಡಿ ಬಂದವರು 7:00ಕ್ಕೆ ಗಾಡಿ ಹತ್ತುತ್ತಾರಾ? ನಾನು ನಂಬಲ್ಲ. ಕೋಟೆ ಬಾಗಿಲು ಎಷ್ಟಕ್ಕೆ ತೆಗೀತಾರೆ ಅನ್ನೋದೂ ನೋಡಬೇಕಾಗುತ್ತೆ.

ನಾನು ಮಾಡಿದ್ದು ಜಲಪಾತವನ್ನು ಆ ದಿನದಿಂದ ತೆಗೆದದ್ದು. ಕೋಟೆಯಿಂದ ಕೆರೆಗೆ ನೇರ ದಾರಿ 52 ಕಿ.ಮೀ., ಮ್ಯಾಪಿನಲ್ಲಿ 1 ಗಂಟೆ 20 ನಿಮಿಷ, ನನ್ನ ಲೆಕ್ಕದಲ್ಲಿ 1 ಗಂಟೆ 40. ಊಟ ಮುಗಿಸಿ 2:10ಕ್ಕೆ ಹೊರಟರೆ 3:50ಕ್ಕೆ ಕೆರೆ. ತಮಾಷೆ ನೋಡಿ, ಮೊದಲ ಕರಡಿನಲ್ಲಿ ಸುಳ್ಳಾಗಿ ಬರೆದಿದ್ದ 3:50 ಒಂದು ಜಾಗ ಕೈಬಿಟ್ಟ ಮೇಲೆ ನಿಜವಾಯಿತು.

ದಿನವನ್ನು ಜೋಡಿಸೋದು ಬೆಳಿಗ್ಗೆಯಿಂದಲ್ಲ, ಸಂಜೆಯಿಂದ. ಮೊದಲು ಆ ದಿನದಲ್ಲಿ ಕದಲಿಸಲಾಗದ ಹೊತ್ತು ಯಾವುದು ಅಂತ ಹುಡುಕಿ. ಸೂರ್ಯಾಸ್ತ, ಕೊನೇ ಬಸ್ಸು, ಕೊನೇ ದೋಣಿ, ಒಳಗೆ ಬಿಡುವ ಕೊನೇ ಸಮಯ. ಈ ಕೊನೆಯದ್ದರಲ್ಲಿ ತುಂಬಾ ಜನ ಮೋಸ ಹೋಗುತ್ತಾರೆ. 5:00ಕ್ಕೆ ಮುಚ್ಚುವ ಜಾಗ 4:00ಕ್ಕೋ 4:30ಕ್ಕೋ ಟಿಕೆಟ್ ಕೊಡೋದು ನಿಲ್ಲಿಸಬಹುದು. ಸ್ಲೈಡಿಗೆ ಬೇಕಾದ್ದು ಮುಚ್ಚುವ ಹೊತ್ತಲ್ಲ, ಟಿಕೆಟ್ ನಿಲ್ಲಿಸುವ ಹೊತ್ತು. ಆ ಕದಲದ ಹೊತ್ತಿನಿಂದ ಹಿಂದಕ್ಕೆ ಒಂದೊಂದೇ ಹೆಜ್ಜೆ ಕಳೆಯುತ್ತಾ ಬನ್ನಿ. ಬೆಳಿಗ್ಗೆ ಹೊರಡುವ ಹೊತ್ತು ತಾನಾಗೇ ಸಿಗುತ್ತೆ. ಸಿಕ್ಕಿದ್ದು 5:40 ಅಂತ ಬಂದರೆ ಒಂದು ಜಾಗ ಬಿಡಿ.

## ಸ್ಲೈಡಿನ ಮೇಲೆ ಪ್ರತಿ ನಿಮಿಷವನ್ನೂ ಬರೆಯಬೇಕಾ?

ಬೇಡ. ಲೆಕ್ಕ ನಿಮ್ಮ ಹಾಳೆಯಲ್ಲಿ ಇರಲಿ, ಸ್ಲೈಡಿಗೆ ಅದರ ಫಲ ಮಾತ್ರ ಬರಲಿ. 11:35ಕ್ಕೆ ತುದಿ ಅಂತ ಬರೆದರೆ ಓದುವವರಿಗೆ ಓಡುವ ಹಾಗನ್ನಿಸುತ್ತೆ, 11:50 ಆದರೆ ತಡವಾಯ್ತು ಅಂತ ಗಾಬರಿ ಬೇರೆ.

ನಾನು ಎರಡು ಥರ ಹೊತ್ತು ಬರೆಯುತ್ತೇನೆ. ತಪ್ಪಿಸಬಾರದ್ದು ದಪ್ಪ ಅಕ್ಷರದಲ್ಲಿ, ಖಚಿತ ಅಂಕಿಯಲ್ಲಿ: '2:10ರೊಳಗೆ ಹೊರಡಿ'. ಉಳಿದದ್ದು ಸಡಿಲವಾಗಿ: 'ಬೆಳಿಗ್ಗೆ ಕೋಟೆ, ಹತ್ತಿ ಇಳಿಯಲು ಎರಡೂವರೆ ಗಂಟೆ'. ತಲುಪುವ ಹೊತ್ತಿಗಿಂತ ಹೊರಡುವ ಹೊತ್ತು ಜಾಸ್ತಿ ಉಪಯೋಗ. ತಲುಪೋದು ನಮ್ಮ ಕೈಯಲ್ಲಿಲ್ಲ, ಎದ್ದು ಹೊರಡೋದು ಇದೆ. ಒಂದು ಸ್ಲೈಡಿನಲ್ಲಿ ದಪ್ಪ ಅಕ್ಷರದ ಹೊತ್ತು ಎರಡಕ್ಕಿಂತ ಜಾಸ್ತಿ ಬಂದರೆ ಆ ದಿನ ಬಿಗಿಯಾಗಿದೆ ಅಂತ ತಿಳಿಯಿರಿ.

ಬಸ್ಸು, ರೈಲಿನಲ್ಲಿ ಹೋಗುವ ದಿನವಾದರೆ ಇದು ಬದಲಾಗುತ್ತೆ. ಅಲ್ಲಿ ಖಚಿತ ಸಮಯ ಬೇಕೇ ಬೇಕು, ಅದರ ಜೊತೆಗೆ 'ಇದು ತಪ್ಪಿದರೆ ಮುಂದಿನದು ಯಾವಾಗ' ಅನ್ನೋದೂ. ಮುಂದಿನದು ಅರ್ಧ ಗಂಟೆಗೆ ಇದ್ದರೆ ಚಿಂತೆ ಇಲ್ಲ, ನಾಳೆ ಇದ್ದರೆ ಅದನ್ನು ಕೆಂಪು ಬಣ್ಣದಲ್ಲಿ ಬರೆಯಿರಿ. ಅಂದಹಾಗೆ, ಗೂಗಲ್ ಮ್ಯಾಪ್ಸ್‌ನಲ್ಲಿ ಕಾರಿನ ದಾರಿಗೆ ನಡುವೆ ಹಲವು ನಿಲ್ದಾಣ ಸೇರಿಸಬಹುದು, ಬಸ್ಸು ರೈಲಿನ ದಾರಿಗೆ ಆಗಲ್ಲ. ಒಂದೊಂದು ತುಂಡನ್ನೂ ಬೇರೆ ಬೇರೆಯಾಗಿ, ಹೊರಡುವ ದಿನ ಮತ್ತು ಗಂಟೆ ಕೊಟ್ಟು ನೋಡಬೇಕು. ರಾತ್ರಿ 11 ಗಂಟೆಗೆ ಸುಮ್ನೆ ಹುಡುಕಿದರೆ ಖಾಲಿ ರಸ್ತೆಯ ಸಮಯ ಸಿಗುತ್ತೆ, ಸೋಮವಾರ ಬೆಳಿಗ್ಗೆ ಅದು ಯಾರಿಗೂ ಸಿಗಲ್ಲ.

## ಖರ್ಚನ್ನು 'ತಲೆಗೆ ಇಷ್ಟು' ಅಂತ ಬರೆದರೆ ಸಾಕಲ್ವಾ?

ಎಷ್ಟು ತಲೆ ಅಂತ ಹೇಳದಿದ್ದರೆ ಆ ಅಂಕಿಗೆ ಅರ್ಥವೇ ಇಲ್ಲ. ಅದೇ ಎರಡನೇ ದಿನವನ್ನು ತೆಗೆದುಕೊಳ್ಳೋಣ. ಯಾವ ದೇಶದ ದುಡ್ಡು ಅನ್ನೋದು ಇಲ್ಲಿ ಮುಖ್ಯ ಅಲ್ಲ, ಬರೀ ಅಂಕಿ ಹಿಡಿಯೋಣ. ಕಾರಿನ ಬಾಡಿಗೆ 32, ಪೆಟ್ರೋಲ್ 16, ಪಾರ್ಕಿಂಗ್ 2. ಇಬ್ಬರು ಮಲಗುವ ರೂಮು 40. ಇವೆಲ್ಲ ಹಂಚಿಕೊಳ್ಳುವ ಖರ್ಚು, ಒಟ್ಟು 90. ಟಿಕೆಟ್ 3, ಊಟ ತಿಂಡಿ 12, ಇವು ಒಬ್ಬೊಬ್ಬರಿಗೂ ಬೇರೆ, 15.

ಇಬ್ಬರಾದರೆ ತಲೆಗೆ 45 ಮತ್ತು 15, ಅಂದರೆ 60. ಸ್ಲೈಡಿನಲ್ಲಿ '60' ಅಂತ ಬರೆದಿರಿ ಅಂದುಕೊಳ್ಳಿ. ಒಬ್ಬರೇ ಹೋಗುವವರು ಅದನ್ನು ನೋಡಿ 60 ಹಿಡಿದುಕೊಂಡು ಹೋದರೆ ಅವರಿಗೆ ಆಗೋದು 105. ಹತ್ತಿರ ಹತ್ತಿರ ಎರಡು ಪಟ್ಟು! ನಾಲ್ವರಾದರೆ ಎರಡು ರೂಮು ಬೇಕು, ಹಂಚಿಕೆ 130, ತಲೆಗೆ 32.5 ಮತ್ತು 15, ಒಟ್ಟು 47.5. ಮೂವರದ್ದು ಮಜಾ. ಗಾಡಿ ಖರ್ಚು ಕಡಿಮೆಯಾಗುತ್ತೆ, ಆದರೆ ಎರಡನೇ ರೂಮು ಬಂದು ಕೂರುತ್ತೆ, ತಲೆಗೆ 58 ಚಿಲ್ಲರೆ. ಅಂದರೆ ಇಬ್ಬರಿಗಿಂತ ಏನೂ ಉಳಿಯಲಿಲ್ಲ ಅಂತಲೇ ಲೆಕ್ಕ.

ಸ್ಪ್ರೆಡ್‌ಶೀಟಿನಲ್ಲಿ ಇದು ಒಂದು ಸಾಲಿನ ಕೆಲಸ. `B1` ಎಷ್ಟು ಜನ, `B2` ಗಾಡಿಯ ಎಲ್ಲ ಖರ್ಚು, `B3` ಒಂದು ರೂಮಿನ ಬಾಡಿಗೆ, `B4` ಒಬ್ಬರ ಸ್ವಂತ ಖರ್ಚು:

```
=(B2+B3*ROUNDUP(B1/2,0))/B1+B4
```

`B1` ಬದಲಿಸುತ್ತಾ ಹೋದರೆ ನಾಲ್ಕೂ ಅಂಕಿ ಸಿಗುತ್ತೆ. ನಾಲ್ಕನ್ನೂ ಸ್ಲೈಡಿಗೆ ತುರುಕಬೇಡಿ. ದಿನದ ಸ್ಲೈಡಿನಲ್ಲಿ '60, ಇಬ್ಬರು ಹೋದರೆ ತಲೆಗೆ' ಅಂತಿರಲಿ. ಒಬ್ಬರು, ನಾಲ್ವರು ಹೋದರೆ ಎಷ್ಟು ಅನ್ನೋದು ಕೊನೆಯ ಖರ್ಚಿನ ಸ್ಲೈಡಿಗೆ ಹೋಗಲಿ. ಕಾರು ಎಲ್ಲರಿಗೂ ಸಾಲುತ್ತಾ ಅನ್ನೋದು ಮಾತ್ರ ಈ ಸೂತ್ರಕ್ಕೆ ಗೊತ್ತಿಲ್ಲ. ಆರು ಜನ ಅಂತ ಹಾಕಿದರೂ ಅದು ಸುಮ್ನೆ ಒಂದು ಉತ್ತರ ಕೊಡುತ್ತೆ.

## ರಾತ್ರಿ ರೂಮಿನ ಬಾಡಿಗೆ ಯಾವ ದಿನಕ್ಕೆ ಸೇರಿಸಬೇಕು?

ಮಲಗಿದ ದಿನಕ್ಕೆ. ಎರಡನೇ ದಿನ ಸಂಜೆ ಹೋಗಿ ಸೇರಿದ ರೂಮು ಎರಡನೇ ದಿನದ್ದು, ಮೂರನೇ ದಿನ ಬೆಳಿಗ್ಗೆ ದುಡ್ಡು ಕೊಟ್ಟಿದ್ದರೂ ಅಷ್ಟೇ. ನಾಲ್ಕು ದಿನದ ಪ್ರವಾಸಕ್ಕೆ ಮೂರು ರಾತ್ರಿ, ಹಾಗಾಗಿ ನಾಲ್ಕನೇ ದಿನ ಅಗ್ಗವಾಗಿ ಕಾಣುತ್ತೆ. ಅದು ಸರಿಯೇ, ಎಳೆದು ಸಮ ಮಾಡಲು ಹೋಗಬೇಡಿ.

ರಾತ್ರಿ ಬಸ್ಸಿನಲ್ಲಿ ಮಲಗಿ ಹೋದರೆ ಟಿಕೆಟ್ಟು ಹತ್ತಿದ ದಿನಕ್ಕೆ ಸೇರಲಿ, ಅವತ್ತಿಗೆ ರೂಮು ಇಲ್ಲ. ರಾತ್ರಿ 11:30ರ ಬಸ್ಸಿಗೂ 12:30ರ ಬಸ್ಸಿಗೂ ತಾರೀಕು ಬೇರೆ ಆಗುತ್ತೆ ನೋಡಿ, ಅದನ್ನು ಸ್ಲೈಡಿನಲ್ಲಿ ಬಿಡಿಸಿ ಬರೆಯಿರಿ: 'ಶುಕ್ರವಾರ ರಾತ್ರಿ ಕಳೆದು, ಶನಿವಾರ ಬೆಳಗಿನ ಜಾವ 12:30'. ಇದರಲ್ಲಿ ತಪ್ಪಿ ಒಂದು ದಿನ ತಡವಾಗಿ ಬಸ್ ನಿಲ್ದಾಣಕ್ಕೆ ಹೋದವರು ತಮ್ಮ ಕಥೆಯನ್ನು ನನಗೇ ಬಂದು ಹೇಳಿದ್ದಾರೆ. ನನ್ನ ಸ್ಲೈಡ್ ನಂಬಿಕೊಂಡೇ.

## ಕವರಿನ ಮೊತ್ತಕ್ಕೂ ದಿನಗಳ ಮೊತ್ತಕ್ಕೂ ತಾಳೆ ಆಗ್ತಿಲ್ಲ, ಯಾಕೆ?

ಸಾಮಾನ್ಯವಾಗಿ ಎರಡು ಕಾರಣ. ಒಂದು, ದಿನದ ಸ್ಲೈಡ್ ತಿದ್ದಿದ್ದೀರಿ, ಕವರ್ ತಿದ್ದಿಲ್ಲ. ಮೇಲೆ ಹೇಳಿದ ಜಲಪಾತವನ್ನು ಕೈಬಿಟ್ಟಾಗ ನಾನು ಮಾಡಿದ್ದೂ ಅದನ್ನೇ. ದಿನಗಳು 70, 60, 66, 24, ಕೂಡಿದರೆ 220. ಕವರಿನಲ್ಲಿ 228 ಹಾಗೇ ಕೂತಿತ್ತು. ಜಲಪಾತದ ಟಿಕೆಟ್ಟು, ಹೆಚ್ಚುವರಿ ಪೆಟ್ರೋಲು ಸೇರಿದ ಆ 8 ಯಾರಿಗೂ ಕಾಣಲ್ಲ ಅಂದುಕೊಂಡರೆ ತಪ್ಪು. ಮೊದಲ ಕಾಮೆಂಟೇ ಅದು. ಆಮೇಲೆ ಉಳಿದ ಅಂಕಿಗಳನ್ನೂ ಯಾರೂ ನಂಬಲಿಲ್ಲ.

ಎರಡು, ಯಾವ ದಿನಕ್ಕೂ ಸೇರದ ಖರ್ಚು. ಮನೆಯಿಂದ ಹೋಗಿ ಬರುವ ಟಿಕೆಟ್ಟು, ವೀಸಾ, ವಿಮೆ. ಇವನ್ನು ಒಂದನೇ ದಿನದ ತಲೆಗೆ ಕಟ್ಟಿದರೆ ಆ ದಿನ ವಿಪರೀತ ದುಬಾರಿಯಾಗಿ ಕಾಣುತ್ತೆ. ಬಿಟ್ಟುಬಿಟ್ಟರೆ ಇಡೀ ಪ್ರವಾಸ ಸುಳ್ಳು ಅಗ್ಗ. ಓದುವವರು ಬೇರೆ ಬೇರೆ ಊರಿನಿಂದ ಬರುತ್ತಾರೆ, ಆದ್ದರಿಂದ ಇದು ಅವರವರಿಗೆ ಬೇರೆ. ನಾನು ಖರ್ಚಿನ ಸ್ಲೈಡಿನಲ್ಲಿ ಎರಡು ಸಾಲು ಮಾಡುತ್ತೇನೆ: 'ಅಲ್ಲಿ ಆಗುವುದು 220', 'ನನಗೆ ಹೋಗಿ ಬರಲು ಆದದ್ದು 80'. ಕವರಿಗೆ 220 ಮಾತ್ರ, ಪಕ್ಕದಲ್ಲಿ 'ಹೋಗಿ ಬರುವ ಖರ್ಚು ಬಿಟ್ಟು' ಅಂತ.

ಕಾರಿಗೆ ಇಡುವ ಠೇವಣಿ ಖರ್ಚಲ್ಲ, ವಾಪಸ್ ಬರುತ್ತೆ. ಆದರೆ ಆ ದಿನ ಕೈಯಲ್ಲೋ ಕಾರ್ಡಿನಲ್ಲೋ ಅಷ್ಟು ದುಡ್ಡು ಇರಬೇಕು. ಮೊತ್ತಕ್ಕೆ ಕೂಡಿಸಬೇಡಿ, ಒಂದನೇ ದಿನದ ಸ್ಲೈಡಿನಲ್ಲಿ ಒಂದು ಸಾಲು ಬರೆಯಿರಿ.

## ಬೇರೆ ದೇಶದ ಪ್ರವಾಸವಾದರೆ ಯಾವ ದುಡ್ಡಿನಲ್ಲಿ ಬರೆಯೋದು?

ಅಲ್ಲಿಯ ದುಡ್ಡಿನಲ್ಲಿ. ಟಿಕೆಟ್ ಕಿಟಕಿಯಲ್ಲಿ ಕಾಣುವ ಅಂಕಿ ಅದೇ. ನಮ್ಮ ದುಡ್ಡಿಗೆ ಬದಲಿಸಿದ್ದು ಒಟ್ಟು ಮೊತ್ತಕ್ಕೆ ಮಾತ್ರ, ಯಾವ ತಿಂಗಳ ದರ ಅನ್ನೋದರ ಜೊತೆಗೆ.

## ದಾರಿಯನ್ನು ನಕ್ಷೆಯಾಗಿ ತೋರಿಸಬೇಕಾ, ಬರೆದರೆ ಸಾಕಾ?

ಇಡೀ ದಾರಿಗೆ ಒಂದು ನಕ್ಷೆ ಬೇಕು, ಎರಡನೇ ಸ್ಲೈಡಿನಲ್ಲಿ. ದಿನದ ಸ್ಲೈಡಿಗೆ ನನಗೆ ಇಷ್ಟವಾದದ್ದು ಒಂದೇ ಒಂದು ನಿಂತ ಗೆರೆ. ಅದರ ಮೇಲೆ ಚುಕ್ಕಿಗಳು, ಚುಕ್ಕಿಯ ಪಕ್ಕ ಜಾಗದ ಹೆಸರು, ಎರಡು ಚುಕ್ಕಿಗಳ ನಡುವೆ ದೂರ ಮತ್ತು ಹೊತ್ತು. ಬಸ್ಸಿನೊಳಗಿನ ನಿಲ್ದಾಣದ ಪಟ್ಟಿ ಥರ. ಮೇಲಿಂದ ಕೆಳಕ್ಕೆ ಓದಿದರೆ ದಿನವೇ ಕಣ್ಣ ಮುಂದೆ ಬರುತ್ತೆ, ಖರ್ಚು ಕೆಳಗೆ ಬಂದು ಕೂರುತ್ತೆ.

ಮ್ಯಾಪಿನ ಸ್ಕ್ರೀನ್‌ಶಾಟ್ ಅಂಟಿಸಿದರೆ ಅದರೊಳಗಿನ ಸಣ್ಣ ಹೆಸರುಗಳು ಫೋನಿನಲ್ಲಿ ಓದೋಕಾಗಲ್ಲ. ಮೂಲೆಯಲ್ಲಿರುವ ಮ್ಯಾಪಿನವರ ಹೆಸರನ್ನು ಕತ್ತರಿಸೋದೂ ಸರಿಯಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್ ಬಳಸಿದರೆ `© OpenStreetMap contributors` ಅನ್ನೋ ಸಾಲು ನಕ್ಷೆಯ ಮೇಲೆ ಇರಬೇಕು. ಕೈಯಲ್ಲಿ ಗೀಚಿದ ನಕ್ಷೆ ಎಲ್ಲಕ್ಕಿಂತ ಚಂದ ಕಾಣುತ್ತೆ, ಆದರೆ 'ಅಳತೆಗೆ ತಕ್ಕಂತಿಲ್ಲ' ಅಂತ ಬರೆಯಿರಿ. ಹತ್ತಿರ ಕಂಡಿದ್ದು ಹತ್ತಿರವೇ ಅಂತ ನಡೆದುಕೊಂಡು ಹೊರಡುವವರು ಇರುತ್ತಾರೆ.

## ಕನ್ನಡ ಅಕ್ಷರ ಎಷ್ಟು ದೊಡ್ಡದಿರಬೇಕು?

ನಾನು 1080 × 1350 ಪಿಕ್ಸೆಲ್‌ನಲ್ಲಿ ಮಾಡುತ್ತೇನೆ. ಆ 1080 ಅಗಲ ಫೋನಿನ ಪರದೆಗೆ ಹೋದಾಗ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿದಂತೆ ಕಾಣುತ್ತೆ. ಕಂಪ್ಯೂಟರಿನಲ್ಲಿ 30 ಗಾತ್ರದಲ್ಲಿ ಬರೆದದ್ದು ಕೈಯಲ್ಲಿ 10ರಷ್ಟು. ಇಂಗ್ಲಿಷಿಗೆ ಅದು ಹೇಗೋ ನಡೆಯುತ್ತೆ, ಕನ್ನಡಕ್ಕೆ ನಡೆಯಲ್ಲ. ಒತ್ತಕ್ಷರ ಮಸಿಯ ಚುಕ್ಕಿಯಾಗುತ್ತೆ. 40ಕ್ಕಿಂತ ಕೆಳಗೆ ನಾನು ಇಳಿಯಲ್ಲ, ಹೊತ್ತು ಮತ್ತು ಖರ್ಚು 56ರ ಮೇಲೆ.

ಸಾಲುಗಳ ನಡುವೆ ಜಾಗ ಅಕ್ಷರದ ಒಂದೂವರೆ ಪಟ್ಟು ಇರಲಿ. ಕಡಿಮೆಯಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸನ್ನು ಮುಟ್ಟುತ್ತೆ. 'ಸೂರ್ಯಾಸ್ತ' ಅಂತ ಬರೆದು ಅದರ ಕೆಳಗೆ 'ವೀಕ್ಷಣೆ' ಅಂತ ಬರೆದು ನೋಡಿ, ಗೊತ್ತಾಗುತ್ತೆ. ನೋಟೊ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ, ಇವು ಸಣ್ಣ ಪರದೆಯಲ್ಲಿ ಚೆನ್ನಾಗಿ ಓದಿಸುತ್ತವೆ. ಅಂಚಿನಿಂದ ಕಡೇಪಕ್ಷ 60 ಪಿಕ್ಸೆಲ್ ಜಾಗ ಬಿಟ್ಟೇ ಎಲ್ಲ ಅಕ್ಷರ ಇರಲಿ, ಪ್ರೊಫೈಲ್ ಗ್ರಿಡ್ಡಿನಲ್ಲಿ ಎಡ ಬಲ ಸ್ವಲ್ಪ ಕತ್ತರಿಸುತ್ತೆ.

'12:30' ಅಂತ ಮಾತ್ರ ಬರೆಯಬೇಡಿ. ಮಧ್ಯಾಹ್ನವೋ ರಾತ್ರಿಯೋ ಸೇರಿಸಿ. ಸ್ಲೈಡ್ ಮುಗಿದ ಮೇಲೆ ಫೋನಿಗೆ ಕಳಿಸಿಕೊಂಡು, ಬೆಳಕು ಕಡಿಮೆ ಮಾಡಿ, ಬಿಸಿಲಿನಲ್ಲಿ ಹಿಡಿದು ನೋಡಿ. ತಿಳಿ ಬೂದು ಅಕ್ಷರ ಅಲ್ಲಿ ಮಾಯವಾಗುತ್ತೆ.

## ಹಾಕಿದ ಮೇಲೆ ಟಿಕೆಟ್ ದರ ಬದಲಾಯಿತು. ಈಗೇನು ಮಾಡೋದು?

ಚಿತ್ರದೊಳಗಿನ ಅಕ್ಷರವನ್ನು ಹಾಕಿದ ಮೇಲೆ ತಿದ್ದಲಾಗಲ್ಲ. ಒಂದು ಸ್ಲೈಡನ್ನು ತೆಗೆಯಬಹುದು, ಕೆಳಗಿನ ಬರಹವನ್ನು ಎಷ್ಟು ಸಲ ಬೇಕಾದರೂ ತಿದ್ದಬಹುದು. ಆದ್ದರಿಂದ ಯಾವುದು ಎಲ್ಲಿರಬೇಕು ಅನ್ನೋದನ್ನು ಮೊದಲೇ ಯೋಚಿಸಿ. ದೂರ ಬದಲಾಗಲ್ಲ, ಹತ್ತುವ ಹೊತ್ತು ಬದಲಾಗಲ್ಲ, ಅವು ಚಿತ್ರದಲ್ಲಿ ಇರಲಿ. ಟಿಕೆಟ್ ದರ, ವಾರದ ರಜಾದಿನ ಬದಲಾಗುವಂಥವು. ಅವು ಕೆಳಗಿನ ಬರಹದಲ್ಲಿ ದಿನದ ಲೆಕ್ಕದಲ್ಲಿ ಇರಲಿ: 'ದಿನ 2: ಟಿಕೆಟ್ 3'. ಚಿತ್ರದಲ್ಲಿ ಆ ದಿನದ ಒಟ್ಟು ಮೊತ್ತ ಸಾಕು, ಅದು ಒಂದೆರಡು ಅಂಕಿ ಹೆಚ್ಚು ಕಮ್ಮಿ ಆದರೂ ದಾರಿ ತಪ್ಪಿಸಲ್ಲ.

ನೀವು ಹೋಗಿದ್ದ ತಿಂಗಳು ಮತ್ತು ವರ್ಷ ಮಾತ್ರ ಪ್ರತಿ ದಿನದ ಸ್ಲೈಡಿನ ಮೂಲೆಯಲ್ಲೂ ಇರಲಿ. ಕವರಿನಲ್ಲಿ ಮಾತ್ರ ಬರೆದರೆ ಸ್ಕ್ರೀನ್‌ಶಾಟ್ ಹಂಚಿದವರ ಕೈಯಲ್ಲಿ ಅದು ಕಳೆದುಹೋಗುತ್ತೆ. ಮೂರು ವರ್ಷ ಹಳೆಯ ಅಂಕಿ ಹೊಸದರಂತೆ ಓಡಾಡುತ್ತೆ. ಸೂರ್ಯಾಸ್ತದ ಹೊತ್ತಿಗೂ ಇದೇ ಮಾತು. 6:05 ಅನ್ನೋದು ನೀವು ಹೋದ ತಿಂಗಳದ್ದು, ಬೇರೆ ತಿಂಗಳಲ್ಲಿ ಅದು ಹಿಂದೆ ಮುಂದೆ ಆಗುತ್ತೆ, ಜೊತೆಗೆ ದಿನದ ಇಡೀ ಜೋಡಣೆಯೂ.

## ನಾನು ಹೋಗದ ಊರಿನ ಪ್ಲಾನ್ ಹಾಕಬಹುದಾ?

ಹಾಕಬಹುದು, 'ಹೋಗಿಲ್ಲ, ಯೋಜನೆ ಮಾತ್ರ' ಅಂತ ಬರೆದು. ಬರೆಯದೆ ಹಾಕಿದ್ದನ್ನು ಓದುವವರು ಬೇಗ ಪತ್ತೆ ಹಚ್ಚುತ್ತಾರೆ. ಎಲ್ಲ ಹೊತ್ತೂ ಮ್ಯಾಪಿನಿಂದ ಎತ್ತಿದ ಹಾಗೆ ಇರುತ್ತೆ, ಎಲ್ಲೂ ಪಾರ್ಕಿಂಗ್ ಖರ್ಚು ಇರಲ್ಲ, ಒಂದು ಸಲವೂ ಯಾರೂ ಶೌಚಾಲಯಕ್ಕೆ ಹೋಗಿರಲ್ಲ.

ಹೋಗಿದ್ದೀರಾದರೆ ಇನ್ನೊಂದು: ತಂಗಿರುವಾಗಲೇ ತಂಗಿದ ಜಾಗದ ಹೆಸರು, ನಾಳೆಯ ದಾರಿ ಹಾಕಬೇಡಿ. ಅದು ಯಾರಾದರೂ ನಿಮ್ಮನ್ನು ಹುಡುಕಿಕೊಂಡು ಬರಲು ಬರೆದುಕೊಟ್ಟ ವಿಳಾಸ. ವಾಪಸ್ ಬಂದು ಹಾಕಿ.

## 'ಇದನ್ನು ಬಿಡಬಹುದು' ಅನ್ನೋ ಕೊನೇ ಸ್ಲೈಡ್ ಯಾಕೆ?

ಯಾರಿಗೂ ನಿಮ್ಮಷ್ಟೇ ದಿನ ರಜೆ ಇರಲ್ಲ. ನಾಲ್ಕು ದಿನದ್ದನ್ನು ಮೂರಕ್ಕೆ ಇಳಿಸೋದು ಹೇಗೆ ಅಂತ ಕೇಳೇ ಕೇಳುತ್ತಾರೆ. ಸುಮ್ನೆ 'ಮೂರನೇ ದಿನ ಬಿಡಿ' ಅಂದರೆ ಸರಿಹೋಗಲ್ಲ, ಯಾಕಂದರೆ ಎರಡನೇ ದಿನ ಮಲಗಿದ ಊರಿನಿಂದ ನಾಲ್ಕನೇ ದಿನ ಹೊರಡುವ ಊರಿಗೆ ಸೇತುವೆ ಇರಲ್ಲ. ಮೊದಲೇ ಹೇಳಿದ ಕೊಂಡಿ ಇಲ್ಲಿ ಮತ್ತೆ ಬರುತ್ತೆ.

ನಾನು ಆ ಸ್ಲೈಡಿನಲ್ಲಿ ಮೂರೇ ಸಾಲು ಬರೆಯುತ್ತೇನೆ. ಯಾವ ದಿನ ಬಿಡಬಹುದು. ಬಿಟ್ಟರೆ ಯಾವ ಊರಿನಿಂದ ಯಾವ ಊರಿಗೆ ನೇರ ಹೋಗಬೇಕು, ಎಷ್ಟು ಹೊತ್ತು. ಒಟ್ಟು ಖರ್ಚು ಎಷ್ಟಕ್ಕೆ ಇಳಿಯುತ್ತೆ. ಮೂರನೇ ದಿನದ 66 ಪೂರ್ತಿ ಉಳಿಯಲ್ಲ, ಕೆರೆಯಿಂದ ನಾಲ್ಕನೇ ದಿನದ ಊರಿಗೆ ಹೋಗುವ ಪೆಟ್ರೋಲು ಹೇಗೂ ಆಗುತ್ತೆ. ಅದು 10 ಅಂದುಕೊಂಡರೆ 220 ಇಳಿಯೋದು 164ಕ್ಕೆ, 154ಕ್ಕಲ್ಲ. ಆ ದಾರಿಗೆ ಹಿಡಿದ ಎರಡು ಗಂಟೆಯನ್ನು ನಾಲ್ಕನೇ ದಿನದ ಬೆಳಗಿನಿಂದ ಕಳೆಯಬೇಕು. ಕಳೆದ ಮೇಲೂ ಆ ದಿನದ ದಪ್ಪ ಅಕ್ಷರದ ಹೊತ್ತು ಸಿಗುತ್ತಾ ಅಂತ ನೋಡಿ. ನಮ್ಮ ಉದಾಹರಣೆಯಲ್ಲಿ ಮಧ್ಯಾಹ್ನ 2:30ರ ರೈಲು ಹಿಡಿಯಬೇಕಿದ್ದರೆ, ಬೆಳಿಗ್ಗೆ ನೋಡಬೇಕಿದ್ದ ಜಾಗ ಕೈಬಿಡಬೇಕು. ಅದನ್ನೂ ಆ ಸ್ಲೈಡಿನಲ್ಲೇ ಬರೆಯಿರಿ.